ಕಂಬ ಮೇಲಕ್ಕೆ, ಸೂಚಿ ಕೆಳಕ್ಕೆ

ಕಾವೇರಿ ಕೊಳ್ಳದ ನಾಲ್ಕು ಜಲಾಶಯಗಳ ಸಾಮರ್ಥ್ಯವನ್ನು ಒಂದೇ ಕಂಬದಲ್ಲಿ ತೋರಿಸುವ ಚಾರ್ಟ್ ಒಂದನ್ನು ಒಮ್ಮೆ ಮಾಡಿದ್ದೆ. ನೀರಿನ ಲೆಕ್ಕವಾದ್ದರಿಂದ ನಾಲ್ಕು ತುಂಡುಗಳಿಗೂ ನೀಲಿಯ ಬೇರೆ ಬೇರೆ ಛಾಯೆ ಕೊಟ್ಟಿದ್ದೆ. ಯಾವ ಛಾಯೆ ಯಾವ ಜಲಾಶಯದ್ದು ಎಂದು ಹೇಳುವ ಬಣ್ಣಸೂಚಿ, ಅಂದರೆ ಲೆಜೆಂಡ್, ಬಲಬದಿಯಲ್ಲಿತ್ತು. ಮಂಡ್ಯ ಕಡೆಯ ಗೆಳೆಯನೊಬ್ಬನಿಗೆ ಅದರ ಪ್ರಿಂಟ್ ಕೊಟ್ಟೆ. ಅವನು ಸ್ವಲ್ಪ ಹೊತ್ತು ನೋಡಿ, "ಅಲ್ಲ ಕಣಯ್ಯ, ಹೇಮಾವತಿ ಯಾವಾಗ ಕನ್ನಂಬಾಡಿಗಿಂತ ದೊಡ್ಡದಾಯ್ತು?" ಎಂದ.

ನಾನು ಹಾಕಿದ ಅಂಕಿಗಳು ಸರಿಯಾಗಿಯೇ ಇದ್ದವು. ಹಾರಂಗಿ 8.50 ಟಿಎಂಸಿ ಅಡಿ, ಹೇಮಾವತಿ 37.10, ಕೆಆರ್‌ಎಸ್ 49.45, ಕಬಿನಿ 19.52, ಒಟ್ಟು 114.57. ಬಣ್ಣಗಳೂ ಅದಲುಬದಲಾಗಿರಲಿಲ್ಲ. ಆದರೂ ಅವನು ಓದಿದ್ದು ತಪ್ಪಾಗಿತ್ತು, ಆ ತಪ್ಪು ಅವನದಲ್ಲ. ಚಾರ್ಟಿನಲ್ಲಿ ಕಂಬ ಒಂದು ದಿಕ್ಕಿಗೆ ಓದಿಸುತ್ತಿತ್ತು, ಸೂಚಿ ಇನ್ನೊಂದು ದಿಕ್ಕಿಗೆ.

ತುಂಡುಗಳನ್ನು ಒಂದರ ಮೇಲೊಂದು ಪೇರಿಸುವ ಇಂಥ ಕಂಬ ಗೋಡೆ ಕಟ್ಟಿದ ಹಾಗೆ ಏಳುತ್ತದೆ. ಕೆಳಗೆ ಸೊನ್ನೆಯ ಗೆರೆ. ಪಟ್ಟಿಯಲ್ಲಿ ಮೊದಲು ಬಂದದ್ದು ಅದರ ಮೇಲೆ ಕೂರುತ್ತದೆ, ಎರಡನೆಯದು ಮೊದಲನೆಯದರ ಮೇಲೆ. ನನ್ನ ಪಟ್ಟಿಯಲ್ಲಿ ಹಾರಂಗಿ ಮೊದಲಿದ್ದುದರಿಂದ ಅದು 0ಯಿಂದ 8.50ರವರೆಗೆ ಅಡಿಪಾಯವಾಯಿತು. ಹೇಮಾವತಿ ಅಲ್ಲಿಂದ 45.60ರವರೆಗೆ, ಕೆಆರ್‌ಎಸ್ 95.05ರವರೆಗೆ, ಕಬಿನಿ ನೆತ್ತಿಯ ಮೇಲೆ. ಸೂಚಿಯಾದರೋ ಬರಹ. ಬರಹ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಅದೇ ಪಟ್ಟಿ ಅಲ್ಲಿ ಹಾರಂಗಿಯನ್ನು ಎಲ್ಲಕ್ಕಿಂತ ಮೇಲೆ, ಕಬಿನಿಯನ್ನು ಎಲ್ಲಕ್ಕಿಂತ ಕೆಳಗೆ ಇಟ್ಟಿತು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಕ್ರಮ ಸಹಜವೇ. ಪಕ್ಕಪಕ್ಕ ಇಟ್ಟಾಗ ಮಾತ್ರ ಒಂದು ಇನ್ನೊಂದರ ತಲೆಕೆಳಗು.

ಬಣ್ಣ ನೋಡಿ ಹೊಂದಿಸಿಕೊಂಡರೆ ಆಯಿತಲ್ಲ ಎನ್ನಬಹುದು. ಛಾಯೆಗಳು ದೂರದೂರ ಇದ್ದಾಗ ಹಾಗೇ ಆಗುತ್ತದೆ. ಆದರೆ ನಡುವಿನ ಎರಡು ನೀಲಿಗಳು ಒಂದನ್ನೊಂದು ಹೋಲುವಾಗ, ಚಾರ್ಟ್ ಕಪ್ಪು ಬಿಳುಪಿನಲ್ಲಿ ಅಚ್ಚಾದಾಗ, ಅಥವಾ ಓದುವವರಿಗೆ ಬಣ್ಣಗುರುಡು ಇದ್ದಾಗ, ಕಣ್ಣು ಬಣ್ಣವನ್ನು ಬಿಟ್ಟು ಜಾಗವನ್ನು ನಂಬುತ್ತದೆ. ಸೂಚಿಯಲ್ಲಿ ಮೇಲಿನಿಂದ ಎರಡನೆಯ ಹೆಸರು ಹೇಮಾವತಿ. ಕಂಬದಲ್ಲಿ ಮೇಲಿನಿಂದ ಎರಡನೆಯ ತುಂಡು 49.45ರಷ್ಟು ಎತ್ತರ. ನನ್ನ ಗೆಳೆಯ ಇವೆರಡನ್ನು ಜೋಡಿಸಿದ, ಅಷ್ಟೆ.

ಹೀಗೆ ಆದ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ. ನಾಲ್ಕು ಹೆಸರು ತಲೆಕೆಳಗಾದರೆ ಮೊದಲನೆಯದು ನಾಲ್ಕನೆಯದರ ಜೊತೆ, ಎರಡನೆಯದು ಮೂರನೆಯದರ ಜೊತೆ ಜಾಗ ಬದಲಿಸಿಕೊಳ್ಳುತ್ತವೆ. ಹಾರಂಗಿಗೆ ಕಬಿನಿಯ 19.52 ಹೋಗುತ್ತದೆ, ಕಬಿನಿಗೆ 8.50 ಬರುತ್ತದೆ. ಹೇಮಾವತಿಗೂ ಕೆಆರ್‌ಎಸ್‌ಗೂ ಹಾಗೆಯೇ. ಒಟ್ಟು ಮಾತ್ರ 114.57 ಆಗಿಯೇ ಉಳಿಯುತ್ತದೆ, ಹಾಗಾಗಿ ಕೂಡಿ ನೋಡಿದವರಿಗೂ ಅನುಮಾನ ಬರುವುದಿಲ್ಲ. ಕನ್ನಂಬಾಡಿಯ ನೀರು ಕಂಡವನಿಗೆ ಗೊತ್ತಾಯಿತು. ಬೇರೆ ಊರಿನವರು ಹೇಮಾವತಿಯೇ ದೊಡ್ಡದೆಂದು ಒಪ್ಪಿಕೊಂಡು ಮುಂದೆ ಹೋಗುತ್ತಿದ್ದರು.

ತುಂಡುಗಳ ಸಂಖ್ಯೆ ಬೆಸವಾಗಿದ್ದರೆ ಇನ್ನೂ ಕಷ್ಟ. ಮೂರರಲ್ಲಿ ಎರಡನೆಯದು, ಐದರಲ್ಲಿ ಮೂರನೆಯದು ಎತ್ತ ತಿರುಗಿಸಿದರೂ ತನ್ನ ಜಾಗದಲ್ಲೇ ಇರುತ್ತದೆ. ಯಾರಾದರೂ ಆ ಒಂದನ್ನು ಮೂಲ ಅಂಕಿಯೊಂದಿಗೆ ತಾಳೆ ನೋಡಿದರೆ ಅದು ಸರಿ ಬರುತ್ತದೆ, ಉಳಿದದ್ದೂ ಸರಿಯಿದೆ ಎಂಬ ಸುಳ್ಳು ಧೈರ್ಯ ಹುಟ್ಟುತ್ತದೆ. ಆದ್ದರಿಂದ ಪರೀಕ್ಷಿಸುವುದಾದರೆ ತುದಿಯ ತುಂಡನ್ನೇ ಪರೀಕ್ಷಿಸಬೇಕು. ಕಂಬದ ಬುಡದಲ್ಲಿರುವ ಬಣ್ಣ ಸೂಚಿಯ ಕೊನೆಯ ಸಾಲಿನಲ್ಲಿ ಇದೆಯೇ? ಮೊದಲ ಸಾಲಿನಲ್ಲಿದ್ದರೆ ಕ್ರಮ ತಲೆಕೆಳಗಾಗಿದೆ ಎಂದೇ ಲೆಕ್ಕ.

ಗೆಳೆಯ ಹೋದ ಮೇಲೆ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ಪಟ್ಟಿಯನ್ನೇ ತಿರುಗಿಸಿ ಕಬಿನಿಯನ್ನು ಮೊದಲಿಗೆ ತಂದೆ. ಏನೂ ಉಪಯೋಗವಾಗಲಿಲ್ಲ. ಈಗ ಕಬಿನಿ ಕಂಬದ ಬುಡಕ್ಕೆ ಬಂತು, ಸೂಚಿಯ ನೆತ್ತಿಗೂ ಅದೇ ಏರಿತು. ಕಂಬ, ಸೂಚಿ ಎರಡೂ ಒಂದೇ ಪಟ್ಟಿಯಿಂದ ಹುಟ್ಟುವುದರಿಂದ ಪಟ್ಟಿ ತಿರುಗಿದರೆ ಎರಡೂ ತಿರುಗುತ್ತವೆ, ನಡುವಿನ ವಿರೋಧ ಹಾಗೇ ಉಳಿಯುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ತಿರುಗಿಸಬೇಕು.

ಯಾವುದನ್ನು ತಿರುಗಿಸಬೇಕು ಎಂಬುದರಲ್ಲಿ ಚಾರ್ಟ್ ಬರೆಯುವ ತಂತ್ರಾಂಶಗಳೂ ಒಂದೇ ದಾರಿ ಹಿಡಿದಿಲ್ಲ. ಆರ್ ಭಾಷೆಯ `ggplot2` ಮೊದಲು ನನ್ನ ಚಾರ್ಟಿನಂತೆಯೇ ಕಂಬವನ್ನು ಕೆಳಗಿನಿಂದ, ಸೂಚಿಯನ್ನು ಮೇಲಿನಿಂದ ಬರೆಯುತ್ತಿತ್ತು. 2016ರಲ್ಲಿ ಬಂದ 2.2.0 ಆವೃತ್ತಿಯಲ್ಲಿ ಕಂಬವನ್ನೇ ತಿರುಗಿಸಿದರು: ಪಟ್ಟಿಯ ಮೊದಲನೆಯದು ನೆತ್ತಿಗೆ ಹೋಯಿತು, ಸೂಚಿಯೊಂದಿಗೆ ತಾನಾಗಿ ಹೊಂದಿಕೊಂಡಿತು. ಆದರೆ ಅದಕ್ಕೂ ಮುಂಚೆ ಸೂಚಿಯನ್ನು ಕೈಯಾರೆ ತಿರುಗಿಸಿಕೊಂಡಿದ್ದವರ ಹಳೆಯ ಕೋಡ್ ಹೊಸ ಆವೃತ್ತಿಯಲ್ಲಿ ಓಡಿದಾಗ ಹಳೆಯ ರೋಗವನ್ನೇ ಮರಳಿ ತರುತ್ತದೆ. ಪೈಥಾನ್‌ನ `matplotlib` ಕಂಬವನ್ನು ಮುಟ್ಟಲಿಲ್ಲ. ಅದು 3.7ನೇ ಆವೃತ್ತಿಯಿಂದ ಸೂಚಿಯನ್ನು ಮಾತ್ರ ತಿರುಗಿಸುವ ಆಯ್ಕೆ ಕೊಟ್ಟಿದೆ, ಕೇಳದೆ ತಾನಾಗಿ ತಿರುಗಿಸುವುದಿಲ್ಲ:

```python
ax.legend(reverse=True)
```

ಎಕ್ಸೆಲ್‌ನಲ್ಲಿ ಸೂಚಿ ಬಲಬದಿಗಿದ್ದರೆ ಪೇರಿಸಿದ ಕಂಬದ ಕ್ರಮಕ್ಕೆ ತಾನಾಗಿ ಹೊಂದುತ್ತದೆ. ಅದನ್ನು ಕಂಬಗಳ ಕೆಳಗೆ ಸರಿಸಿದರೆ ಹೆಸರುಗಳು ಎಡದಿಂದ ಬಲಕ್ಕೆ ಅಡ್ಡಸಾಲಾಗಿ ಬರುತ್ತವೆ. ಆಗ ಎಡತುದಿ ಕಂಬದ ಬುಡವೋ ನೆತ್ತಿಯೋ ಎಂದು ಓದುವವರೇ ಊಹಿಸಬೇಕಾಗುತ್ತದೆ.

ಸೂಚಿಯನ್ನು ಹೇಗೆ ತಿರುಗಿಸಿದರೂ ಬಗೆಹರಿಯದ ಸಂದರ್ಭವೊಂದಿದೆ. ಲಾಭ ನಷ್ಟದ ಹಾಗೆ ಕೆಲವು ಅಂಕಿಗಳು ಸೊನ್ನೆಗಿಂತ ಕಡಿಮೆಯಿದ್ದರೆ ಆ ತುಂಡುಗಳು ಸೊನ್ನೆಯ ಗೆರೆಯಿಂದ ಕೆಳಕ್ಕೆ ಪೇರಿಸಿಕೊಳ್ಳುತ್ತವೆ. ಗೆರೆಯ ಮೇಲೆ ಮೊದಲನೆಯದು ಎಲ್ಲಕ್ಕಿಂತ ಕೆಳಗಿದ್ದರೆ, ಗೆರೆಯ ಕೆಳಗೆ ಮೊದಲನೆಯದು ಎಲ್ಲಕ್ಕಿಂತ ಮೇಲಿರುತ್ತದೆ. ಸೂಚಿಗೆ ಇರುವುದು ಒಂದೇ ಕ್ರಮ, ಅದು ಒಂದು ಪಕ್ಕಕ್ಕೆ ಹೊಂದಿದರೆ ಇನ್ನೊಂದಕ್ಕೆ ಹೊಂದದು.

ಇಂಥಲ್ಲಿ ಸೂಚಿಯನ್ನೇ ತೆಗೆದುಹಾಕಿ, ಹೆಸರುಗಳನ್ನು ತುಂಡುಗಳ ಪಕ್ಕದಲ್ಲೇ ಬರೆಯುವುದು ಒಳ್ಳೆಯದು. ಹಲವು ಕಂಬಗಳಿದ್ದರೆ ಬಲತುದಿಯ ಕೊನೆಯ ಕಂಬದ ಪಕ್ಕ, ಪ್ರತಿ ತುಂಡಿನ ನಡುಮಟ್ಟಕ್ಕೆ ಅದರ ಹೆಸರು ಬರಬೇಕು. ತುಂಡು ತೀರ ತೆಳುವಾದರೆ ಎರಡು ಹೆಸರು ಒಂದರ ಮೇಲೊಂದು ಬೀಳುತ್ತವೆ, ಆಗ ಹೆಸರನ್ನು ತುಸು ಸರಿಸಿ ಸಣ್ಣ ಗೆರೆಯೊಂದರಿಂದ ಜೋಡಿಸಬೇಕು. ಆರೇಳು ತುಂಡು ದಾಟಿದರೆ ಇದೂ ಇಕ್ಕಟ್ಟಾಗುತ್ತದೆ. ಸಣ್ಣವನ್ನೆಲ್ಲ "ಇತರೆ" ಎಂದು ಒಟ್ಟುಗೂಡಿಸಬೇಕಾಗಬಹುದು.

ನನ್ನ ಚಾರ್ಟಿನಲ್ಲಿ ಇದ್ದದ್ದು ನಾಲ್ಕೇ ತುಂಡು. ಸೂಚಿ ತೆಗೆದೆ, ನಾಲ್ಕು ಹೆಸರನ್ನೂ ಕಂಬದ ಪಕ್ಕ ಬರೆದೆ, ಹಾರಂಗಿಯ ತೆಳು ತುಂಡಿಗೆ ಮಾತ್ರ ಸಣ್ಣ ಗೆರೆ ಎಳೆದೆ. ಮರುದಿನ ಗೆಳೆಯನ ಬೆರಳು ಪಕ್ಕಕ್ಕೆ ಅಲೆಯದೆ ನೇರವಾಗಿ ದೊಡ್ಡ ತುಂಡಿನ ಮೇಲೆ ಹೋಗಿ ನಿಂತಿತು. "ಇದು ನಮ್ಮ ಕಟ್ಟೆ" ಎಂದ.