ಬ್ರಾಕೆಟ್‌ನಲ್ಲಿರುವ ಮೊತ್ತವೆಲ್ಲ ನಷ್ಟವೇ?

ಮೂಡಿಗೆರೆ, ಕಳಸದ ಕಡೆ ರೊಬಸ್ಟಾ ಕೊಯ್ಲು ನಡೆಯುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಅದೇ ಹೊತ್ತಿಗೆ ಲೆಕ್ಕದ ವರ್ಷವೂ ಮುಗಿಯುತ್ತದೆ. ಆಗ ತಯಾರಾಗುವ ಹಾಳೆಗಳಲ್ಲಿ (1,20,000) ಎಂಬಂಥ ಮೊತ್ತ ಕಂಡರೆ ಹಲವು ಬೆಳೆಗಾರರು ‘ಈ ವರ್ಷ ತೋಟ ಮುಳುಗಿತು’ ಎಂದೇ ತಿಳಿಯುತ್ತಾರೆ. ಬ್ರಾಕೆಟ್ ಹೇಳುವುದು ಅದಲ್ಲ.

ನಂಬಿಕೆ: ಬ್ರಾಕೆಟ್ ಎಂದರೆ ನಷ್ಟ

ಸತ್ಯ: ಇಂಥ ಹಾಳೆಯಲ್ಲಿ ಬ್ರಾಕೆಟ್ ಎಂದರೆ ಮೊತ್ತ ಸೊನ್ನೆಗಿಂತ ಕೆಳಗಿದೆ ಎಂದಷ್ಟೇ. ಅದು ನಷ್ಟವೋ, ಕೈಯಿಂದ ಹೋದ ಹಣವೋ, ಬ್ಯಾಂಕಿನ ಬಾಕಿಯೋ ಎಂಬುದನ್ನು ಕಾಲಂನ ತಲೆಬರಹ ನೋಡಿ ತಿಳಿಯಬೇಕು.

ಉದಾಹರಣೆಗೆ ಒಂದು ಸಣ್ಣ ರೊಬಸ್ಟಾ ತೋಟದ ಫೆಬ್ರುವರಿ ತಿಂಗಳ ನಗದು ಲೆಕ್ಕ ಹೀಗಿದೆ ಎಂದುಕೊಳ್ಳಿ. ತಿಂಗಳ ಮೊದಲ ದಿನ ಓ.ಡಿ. ಖಾತೆಯಲ್ಲಿದ್ದದ್ದು 90,000 ರೂಪಾಯಿ. ಕೊಯ್ಲು ಮತ್ತು ಕಣದ ಕೆಲಸದ ಕೂಲಿ (1,85,000). ಹೂವು ಅರಳಿಸಲು ಸ್ಪ್ರಿಂಕ್ಲರ್ ಹಾಕಿದ್ದಕ್ಕೆ ಡೀಸೆಲ್ (25,000). ತಿಂಗಳ ಕೊನೆಗೆ ಉಳಿದದ್ದು (1,20,000). ಆ ತಿಂಗಳು ಒಂದು ಮೂಟೆಯೂ ಮಾರಾಟವಾಗಿಲ್ಲ. ಆದರೆ ಗೋದಾಮಿನಲ್ಲಿ 50 ಕೆ.ಜಿ.ಯ 150 ಮೂಟೆ ಚೆರ್ರಿ ಇದೆ. ಲೆಕ್ಕದ ಸಲುವಾಗಿ ಮೂಟೆಗೆ 10,000 ರೂಪಾಯಿ ಎಂದಿಟ್ಟುಕೊಂಡರೆ ಅದೇ 15 ಲಕ್ಷದ ಮಾಲು. ನಗದು ಲೆಕ್ಕಕ್ಕೆ ಈ ಮಾಲು ಕಾಣುವುದಿಲ್ಲ. ಬೆಲೆ ಏರಲಿ ಎಂದು ಏಪ್ರಿಲ್ ದಾಟಿಸಿ ಮಾರುವವರ ಹಾಳೆಯಲ್ಲಿ ಮಾರ್ಚ್ ತಿಂಗಳಿಗೂ ಬ್ರಾಕೆಟ್ಟೇ ಇರುತ್ತದೆ. ತೋಟಕ್ಕೆ ಲಾಭವೋ ನಷ್ಟವೋ ತಿಳಿಯಬೇಕಾದರೆ ಇಡೀ ವರ್ಷದ ಖರ್ಚನ್ನೂ ಉಳಿದ ಮಾಲಿನ ಬೆಲೆಯನ್ನೂ ಸೇರಿಸಿದ ಲಾಭ-ನಷ್ಟದ ಪಟ್ಟಿಯನ್ನೇ ತೆಗೆದು ನೋಡಬೇಕು.

ನಂಬಿಕೆ: ‘ಕಳೆ’ ಎಂದು ಬರೆದು ಬ್ರಾಕೆಟ್ಟನ್ನೂ ಹಾಕಿದ್ದರೆ ಎರಡು ಸಲ ಕಳೆಯಬೇಕು

ಸತ್ಯ: ಎರಡೂ ಸೇರಿ ಒಂದೇ ಕಳೆಯುವಿಕೆ. ‘ಕಳೆ: ಕೂಲಿ (1,85,000)’ ಎಂದಿದ್ದರೆ ಒಂದೇ ಸಲ ಕಳೆದರಾಯಿತು. ಎಕ್ಸೆಲ್‌ನಲ್ಲಿ ಮಾತ್ರ ಇಲ್ಲಿ ಎಡವಟ್ಟಾಗುತ್ತದೆ. ಸೆಲ್‌ನಲ್ಲಿ ಮೊತ್ತ ಈಗಾಗಲೇ ಮೈನಸ್ ಆಗಿದ್ದು, ಸೂತ್ರದಲ್ಲಿ ಮತ್ತೆ ಕಳೆದರೆ ಕೂಲಿ ಹೋಗಿ ಆದಾಯವಾಗಿ ಕೂಡಿಕೊಳ್ಳುತ್ತದೆ. ಮೈನಸ್ ಮೊತ್ತಗಳಿರುವ ಕಾಲಂ ಅನ್ನು `SUM`ನಿಂದ ಕೂಡುವುದೇ ಸರಿ.

ನಂಬಿಕೆ: ಬ್ರಾಕೆಟ್ಟನ್ನು ಕೈಯಾರೆ ಟೈಪ್ ಮಾಡಿದರೂ ಅಷ್ಟೇ

ಸತ್ಯ: ಕೆಲವೊಮ್ಮೆ ಮಾತ್ರ. ಖಾಲಿ ಸೆಲ್‌ನಲ್ಲಿ `(185000)` ಎಂದು ಹೊಡೆದರೆ ಎಕ್ಸೆಲ್ ಅದನ್ನು ಮೈನಸ್ ಎಂದೇ ತೆಗೆದುಕೊಳ್ಳುತ್ತದೆ. ಆದರೆ `=(185000)` ಎಂದು ಬರೆದರೆ ಅದು ಪ್ಲಸ್. ಇವೆರಡಕ್ಕಿಂತ ಅಪಾಯದ್ದು ಇನ್ನೊಂದಿದೆ. ಪಿಡಿಎಫ್‌ನಿಂದ ನಕಲು ಮಾಡಿದ ಮೊತ್ತಕ್ಕೆ ಕಣ್ಣಿಗೆ ಕಾಣದ ಸ್ಪೇಸ್ ಅಂಟಿಕೊಂಡು ಬಂದಿದ್ದರೆ, ಅಥವಾ ಸೆಲ್ ಮೊದಲೇ ಟೆಕ್ಸ್ಟ್ ಆಗಿದ್ದರೆ, (1,85,000) ಬರೀ ಅಕ್ಷರವಾಗಿ ಕೂರುತ್ತದೆ. `SUM` ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೇಲಿನ ಲೆಕ್ಕದಲ್ಲಿ ಕೂಲಿಯ ಸಾಲು ಹೀಗೆ ಬಿಟ್ಟುಹೋದರೆ ಕೊನೆಗೆ (1,20,000) ಬರಬೇಕಾದ ಕಡೆ 65,000 ಬರುತ್ತದೆ. ಸಾಲದಲ್ಲಿರುವ ಖಾತೆಯಲ್ಲಿ ಹಣ ಇದೆ ಎಂದು ನಂಬಿ ಕೂಲಿಯ ಚೆಕ್ ಬರೆದವರ ಗತಿ ಏನಾಗಬೇಕು!

ಪತ್ತೆ ಹಚ್ಚುವುದು ಕಷ್ಟವಲ್ಲ. ಅಲೈನ್‌ಮೆಂಟ್ ಬದಲಿಸದಿದ್ದರೆ ಸಂಖ್ಯೆ ಸೆಲ್‌ನ ಬಲಕ್ಕೆ, ಅಕ್ಷರ ಎಡಕ್ಕೆ ಕೂರುತ್ತದೆ. ಅನುಮಾನವಿದ್ದರೆ ಪಕ್ಕದ ಸೆಲ್‌ನಲ್ಲಿ `=ISNUMBER(B3)` ಹಾಕಿ ನೋಡಿ. `FALSE` ಬಂದರೆ ಅದು ಸಂಖ್ಯೆಯಲ್ಲ. ಮೊತ್ತವನ್ನು ಮೈನಸ್ ಹಾಕಿಯೇ ತುಂಬಿಸಿ, ಬ್ರಾಕೆಟ್ಟನ್ನು ಕಸ್ಟಮ್ ಫಾರ್ಮ್ಯಾಟ್‌ಗೆ ಬಿಡುವುದು ಒಳ್ಳೆಯದು:

```
#,##0_);(#,##0)
```

ಸೆಮಿಕೋಲನ್‌ನ ಮುಂಚಿನ ಭಾಗ ಪ್ಲಸ್ ಮೊತ್ತಕ್ಕೆ, ನಂತರದ್ದು ಮೈನಸ್‌ಗೆ. `_)` ಎಂಬುದು ಒಂದು ಬ್ರಾಕೆಟ್‌ನಷ್ಟು ಜಾಗ ಬಿಡುತ್ತದೆ. ಅದರಿಂದ ಬಿಡಿ, ಹತ್ತು, ನೂರರ ಅಂಕಿಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲುತ್ತವೆ. ಒಳಗಿನ ಬೆಲೆ ಮೈನಸ್ ಆಗಿಯೇ ಉಳಿಯುತ್ತದೆ, ಬದಲಾಗುವುದು ಕಾಣುವ ರೂಪ ಮಾತ್ರ. 1,85,000 ಬದಲು 185,000 ಎಂದು ಕಂಡರೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ರೀಜನಲ್ ಫಾರ್ಮ್ಯಾಟ್ ಅನ್ನು ಭಾರತದ್ದಕ್ಕೆ ಬದಲಿಸಿ.

ನಂಬಿಕೆ: ಬ್ರಾಕೆಟ್ ಹಾಕಲೇಬೇಕೆಂದು ಕಾನೂನಿದೆ

ಸತ್ಯ: 2013ರ ಕಂಪನಿ ಕಾಯ್ದೆಯ ಮೂರನೇ ಅನುಸೂಚಿ ಲಾಭ-ನಷ್ಟ ಖಾತೆಯ ಡೆಬಿಟ್ ಬಾಕಿಯನ್ನು ಋಣ ಸಂಖ್ಯೆಯಾಗಿ ತೋರಿಸಲು ಹೇಳುತ್ತದೆ. ಬ್ರಾಕೆಟ್ ಲೆಕ್ಕಿಗರ ರೂಢಿ. ಟ್ಯಾಲಿಯಲ್ಲಿ ಮೊತ್ತದ ಮುಂದೆ `(-)` ಬರುತ್ತದೆ. ಆದರೂ ಈ ರೂಢಿಗೆ ಅರ್ಥವಿದೆ ಎಂಬುದು ನನ್ನ ಅಭಿಪ್ರಾಯ. ಮೂರು ಕೈ ದಾಟಿದ ಜೆರಾಕ್ಸ್‌ನಲ್ಲಿ ಸಣ್ಣ ಮೈನಸ್ ಗೆರೆ ಅಳಿಸಿಹೋಗಬಹುದು, ಇಲ್ಲವೇ ಹೈಫನ್‌ನಂತೆ ಕಾಣಬಹುದು. ಎರಡು ಬದಿಯ ಬ್ರಾಕೆಟ್ ಅಷ್ಟು ಸುಲಭಕ್ಕೆ ಮಾಯವಾಗುವುದಿಲ್ಲ.

ನಂಬಿಕೆ: ಹಾಗಾದರೆ ಬ್ರಾಕೆಟ್ ಯಾವಾಗಲೂ ಮೈನಸ್

ಸತ್ಯ: ಅದೂ ಅಲ್ಲ. ಕೆಲವು ವಾರ್ಷಿಕ ವರದಿಗಳಲ್ಲಿ ಕಳೆದ ವರ್ಷದ ಅಂಕಿಯನ್ನು ಬ್ರಾಕೆಟ್‌ನಲ್ಲಿ ಕೊಡುತ್ತಾರೆ. ‘ಸಾಲ ವಸೂಲಿ 42,000 (38,000)’ ಎಂದಿದ್ದರೆ ಎರಡನೆಯದು ಹಿಂದಿನ ಸಾಲಿನದು. ಪುಟದ ಕೆಳಗಿನ ಟಿಪ್ಪಣಿಯಲ್ಲಿ ಅದನ್ನು ಹೇಳಿರುತ್ತಾರೆ. ಮೊತ್ತ ನೋಡುವ ಮೊದಲು ಅದನ್ನು ಓದಿಕೊಳ್ಳಿ.