ಗೆರೆ ಎಳೆದ ಪದ ಎಲ್ಲಿಗೂ ಹೋಗಿರುವುದಿಲ್ಲ

ಸಂಪಾದಕರ ಕೈಯಿಂದ ಮರಳಿ ಬಂದ ವರ್ಡ್ ಫೈಲನ್ನು ತೆರೆದರೆ ಲೇಖಕರ ಕಣ್ಣಿಗೆ ಮೊದಲು ರಾಚುವುದು ಬಣ್ಣ. ಕೆಲವು ಪದಗಳ ಮೇಲೆ ಗೆರೆ ಎಳೆದಿರುತ್ತದೆ, ಪಕ್ಕದಲ್ಲಿ ಅಡಿಗೆರೆ ಹಾಕಿದ ಹೊಸ ಪದ ಬಂದಿರುತ್ತದೆ, ಅಂಚಿನಲ್ಲಿ ಟಿಪ್ಪಣಿಗಳು ಸಾಲುಗಟ್ಟಿರುತ್ತವೆ. ತಮ್ಮ ಪದ ಹೋಯಿತು ಎಂದು ಲೇಖಕರಿಗೆ ಅನಿಸುವುದು ಸಹಜ. ಆದರೆ ಆ ಪದ ಫೈಲಿನಲ್ಲಿ ಇದ್ದಲ್ಲೇ ಇರುತ್ತದೆ. ಸಂಪಾದಕರು ಮಾಡಿರುವುದು ಅದನ್ನು ತೆಗೆಯಬಹುದೆಂಬ ಸೂಚನೆ ಮಾತ್ರ. ಕೊನೆಯ ಮಾತು ಲೇಖಕರದು. ಈ ಏರ್ಪಾಡು ಒಳಗೆ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಾಗುತ್ತದೆ.

ಫೈಲಿನ ಹೊಟ್ಟೆಯೊಳಗೆ

`.docx` ಎಂದು ಕೊನೆಯಾಗುವ ಫೈಲು ನಿಜಕ್ಕೂ ಒಂದು ಜಿಪ್ ಕಟ್ಟು. ಅದರ ಒಂದು ನಕಲು ಮಾಡಿಕೊಂಡು, ಹೆಸರಿನ ಕೊನೆಯನ್ನು `.zip` ಎಂದು ಬದಲಿಸಿ ಬಿಚ್ಚಿದರೆ ಒಳಗೆ ಹಲವು ಕಡತಗಳು ಸಿಗುತ್ತವೆ. ಬರಹದ ಮುಖ್ಯ ಭಾಗ ಇರುವುದು `document.xml` ಎಂಬುದರಲ್ಲಿ. ಅದನ್ನು ನೋಟ್‌ಪ್ಯಾಡ್‌ನಲ್ಲೂ ಓದಬಹುದು.

ಒಂದು ಉದಾಹರಣೆ ನೋಡೋಣ. ಲೇಖಕರು ‘ತುಂಗಭದ್ರಾ ಅಣೆಕಟ್ಟೆಗೆ ಒಟ್ಟು 32 ಗೇಟ್‌ಗಳು ಇವೆ’ ಎಂದು ಬರೆದಿದ್ದಾರೆ. ಸಂಪಾದಕರು ರಿವ್ಯೂ ಪಟ್ಟಿಯಲ್ಲಿ `Track Changes` ಒತ್ತಿಕೊಂಡು, ಕೊನೆಯ ಎರಡು ಪದಗಳನ್ನು ‘ಗೇಟುಗಳಿವೆ’ ಎಂದು ತಿದ್ದುತ್ತಾರೆ. ಫೈಲಿನೊಳಗೆ ಅದು ಹೀಗೆ ದಾಖಲಾಗುತ್ತದೆ:

```xml
<w:del w:id="7" w:author="ಸಂಪಾದಕ"
       w:date="2025-02-11T10:42:00Z">
  <w:r><w:delText>ಗೇಟ್‌ಗಳು ಇವೆ</w:delText></w:r>
</w:del>
<w:ins w:id="8" w:author="ಸಂಪಾದಕ"
       w:date="2025-02-11T10:42:00Z">
  <w:r><w:t>ಗೇಟುಗಳಿವೆ</w:t></w:r>
</w:ins>
```

ಹಳೆಯ ಪದಗಳು `w:del` ಎಂಬ ಆವರಣದೊಳಗೆ ಸೇರಿವೆ, ಹೊಸದು `w:ins` ಆವರಣದೊಳಗೆ. ಯಾರು, ಯಾವಾಗ ತಿದ್ದಿದರು ಎಂಬುದು ಎರಡರ ಮೇಲೂ ಬರೆದಿದೆ. ಲೇಖಕರು ತಿದ್ದುಪಡಿಯನ್ನು ಒಪ್ಪಿ ಎರಡಕ್ಕೂ `Accept` ಒತ್ತಿದರೆ ಮೊದಲ ಆವರಣ ತನ್ನೊಳಗಿನ ಪದಗಳ ಸಮೇತ ಅಳಿಸಿಹೋಗುತ್ತದೆ. ಎರಡನೆಯದರಲ್ಲಿ ಆವರಣ ಮಾತ್ರ ಕಳಚಿ, ಪದ ಸಾಮಾನ್ಯ ಪಠ್ಯವಾಗಿ ಉಳಿಯುತ್ತದೆ. `Reject` ಒತ್ತಿದರೆ ಇದೇ ಕೆಲಸ ತಿರುವುಮುರುವಾಗಿ ನಡೆಯುತ್ತದೆ.

ಇದರಿಂದ ಒಂದು ಸೊಗಸಾದ ಗುಣ ಒದಗುತ್ತದೆ. ಒಂದೇ ಫೈಲಿನಲ್ಲಿ ಎರಡು ಪಠ್ಯಗಳು ಪೂರ್ತಿಯಾಗಿ ಅಡಗಿವೆ. ಎಲ್ಲವನ್ನೂ ಒಪ್ಪಿದರೆ ಸಂಪಾದಕರ ಪ್ರತಿ, ಎಲ್ಲವನ್ನೂ ತಿರಸ್ಕರಿಸಿದರೆ ಲೇಖಕರು ಕಳಿಸಿದ ಮೂಲ ಪ್ರತಿ. ನಡುವಿನ ಯಾವ ಬೆರಕೆ ಬೇಕೆಂದರೂ ಒಂದೊಂದೇ ತಿದ್ದುಪಡಿಯನ್ನು ಆರಿಸಿಕೊಳ್ಳುತ್ತ ತಲುಪಬಹುದು. ‘ಎಲ್ಲ ತಿರಸ್ಕರಿಸಿದರೆ ಮೂಲ ಬರಬೇಕು’ ಎಂಬ ಈ ನಿಯಮವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಪರೀಕ್ಷೆಯ ಹೊತ್ತಿಗೆ ಅದೇ ನಮ್ಮ ಒರೆಗಲ್ಲು.

ಅಂಚಿನ ಮಾತಿಗೆ ಬೇರೆ ಮನೆ

ಅದೇ ವಾಕ್ಯದಲ್ಲಿ ಇನ್ನೊಂದು ಸಂಗತಿ ಇದೆ. ತುಂಗಭದ್ರಾ ಅಣೆಕಟ್ಟೆಗೆ ಇರುವುದು 33 ಗೇಟುಗಳು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಈ ಸಂಖ್ಯೆ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹಾಗೆಂದು ಸಂಪಾದಕರು 32ನ್ನು ಅಳಿಸಿ 33 ಎಂದು ಬರೆದುಬಿಡಬೇಕೇ? ಅನುಭವಿಗಳು ಹಾಗೆ ಮಾಡುವುದಿಲ್ಲ. ಲೇಖಕರು ಆ 19ನೇ ಗೇಟನ್ನು ಬಿಟ್ಟು ಲೆಕ್ಕ ಹಾಕಿರಬಹುದು. ಹಾಗಿದ್ದರೆ ತಿದ್ದಬೇಕಾದದ್ದು ಸಂಖ್ಯೆಯನ್ನಲ್ಲ, ವಾಕ್ಯವನ್ನು. ಆದ್ದರಿಂದ ಸಂಖ್ಯೆಯನ್ನು ಮುಟ್ಟದೆ, ಅದನ್ನು ಗುರುತು ಮಾಡಿ ಅಂಚಿನಲ್ಲಿ ಕೇಳುತ್ತಾರೆ: ‘ಒಟ್ಟು 33 ಅಲ್ಲವೇ? ಕೊಚ್ಚಿಹೋದ ಗೇಟನ್ನು ಬಿಟ್ಟು ಹೇಳುತ್ತಿದ್ದೀರಾ? ದಯವಿಟ್ಟು ಪರಿಶೀಲಿಸಿ.’

ಈ ಟಿಪ್ಪಣಿ ಪಠ್ಯದೊಳಗೆ ಸೇರುವುದಿಲ್ಲ. ಅದರ ಮಾತು `comments.xml` ಎಂಬ ಬೇರೆ ಕಡತದಲ್ಲಿರುತ್ತದೆ. ಪಠ್ಯದಲ್ಲಿ ‘32’ರ ಹಿಂದೆ ಮುಂದೆ ಕಣ್ಣಿಗೆ ಕಾಣದ ಗೂಟಗಳು ಮಾತ್ರ ಇರುತ್ತವೆ, ಅವುಗಳ ಸಂಖ್ಯೆಯ ಮೂಲಕ ಟಿಪ್ಪಣಿ ತನ್ನ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹೀಗಾಗಿ ಟಿಪ್ಪಣಿಯನ್ನು ‘ಒಪ್ಪುವುದು’ ಎಂಬುದಿಲ್ಲ. ಉತ್ತರ ಬರೆಯಬಹುದು, ಮುಗಿಯಿತೆಂದು ಗುರುತಿಸಬಹುದು, ಇಲ್ಲವೇ ಅಳಿಸಬಹುದು. ಎಲ್ಲ ತಿದ್ದುಪಡಿಗಳನ್ನೂ ಒಪ್ಪಿದ ಮೇಲೂ ಟಿಪ್ಪಣಿಗಳು ಉಳಿದಿರುವುದಕ್ಕೆ ಕಾರಣ ಇದೇ. ಟಿಪ್ಪಣಿ ಅಂಟಿಕೊಂಡ ಪದಗಳೇ ಪಠ್ಯದಿಂದ ಹೋದರೆ ಮಾತ್ರ ಪ್ರಶ್ನೆಯೂ ಅವುಗಳ ಜೊತೆ ಹೋಗುತ್ತದೆ. ಅದಕ್ಕೇ ಒಂದು ಇಡೀ ಪ್ಯಾರಾ ತೆಗೆಯುವುದನ್ನು ಒಪ್ಪುವ ಮೊದಲು ಅದರ ಅಂಚನ್ನು ಓದಿ ಮುಗಿಸಬೇಕು.

ಕೆಲಸದ ಹಂಚಿಕೆ ಇಲ್ಲಿಂದಲೇ ಹುಟ್ಟುತ್ತದೆ. ಕಾಗುಣಿತ, ಚಿಹ್ನೆ, ವಾಕ್ಯದ ಓಟದಂಥ ಕಡೆ ಸಂಪಾದಕರು ಪಠ್ಯದಲ್ಲೇ ತಿದ್ದುತ್ತಾರೆ. ಅರ್ಥ ಅಥವಾ ಅಂಕಿಅಂಶದ ಬಗ್ಗೆ ಅನುಮಾನ ಬಂದರೆ ಅಂಚಿನಲ್ಲಿ ಪ್ರಶ್ನೆ ಹಾಕುತ್ತಾರೆ.

ಕನ್ನಡದಲ್ಲಿ ಎದುರಾಗುವ ತೊಡಕು

ಇಂಗ್ಲಿಷ್‌ನಲ್ಲಿ ಒಂದಕ್ಷರ ಬದಲಿಸಿದರೆ ಒಂದಕ್ಷರಕ್ಕೆ ಗೆರೆ ಬೀಳುತ್ತದೆ, ಅಷ್ಟೇ. ಕನ್ನಡದಲ್ಲಿ ಹಾಗಾಗುವುದಿಲ್ಲ. ನಮಗೆ ‘ರು’ ಒಂದು ಅಕ್ಷರ, ಯೂನಿಕೋಡ್‌ಗೆ ಅದು ‘ರ’ ಮತ್ತು ಕೊಂಬು ಎಂಬ ಎರಡು ಸಂಕೇತಗಳು. ‘ಅವರು ಬಂದರು’ ಎಂಬುದನ್ನು ಸಂಪಾದಕರು ‘ಅವರೂ ಬಂದರು’ ಎಂದು ತಿದ್ದಲು ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರೆ ಕೊಂಬು ಮಾತ್ರ ಅಳಿಯುತ್ತದೆ, ‘ರ’ ಹಾಗೇ ಉಳಿಯುತ್ತದೆ. ಆಮೇಲೆ ದೀರ್ಘ ಸೇರುತ್ತದೆ. ಫೈಲಿನಲ್ಲಿ ಈಗ ‘ಅವರ’, ಅಳಿಸಲು ಗುರುತಾದ ಕೊಂಬು, ಸೇರಿಸಲು ಗುರುತಾದ ದೀರ್ಘ, ಹೀಗೆ ಮೂರು ತುಂಡುಗಳು ಸಾಲಾಗಿ ನಿಂತಿವೆ. ತೆರೆಯ ಮೇಲೆ ಅದು ಒಂದರ ಮೇಲೊಂದು ಬಿದ್ದ ಗುರುತುಗಳಾಗಿ ಅಥವಾ ಚುಕ್ಕಿಗಳ ವೃತ್ತಕ್ಕೆ ಜೋತುಬಿದ್ದ ದೀರ್ಘವಾಗಿ ಕಾಣಬಹುದು. ಏನು ಬದಲಾಯಿತು ಎಂಬುದು ಲೇಖಕರಿಗೆ ತಿಳಿಯುವುದೇ ಕಷ್ಟ.

ಇನ್ನೂ ಕೆಟ್ಟದ್ದು ಮುಂದಿದೆ. ಅಳಿಸುವಿಕೆಯೂ ಸೇರಿಸುವಿಕೆಯೂ ಎರಡು ಪ್ರತ್ಯೇಕ ತಿದ್ದುಪಡಿಗಳಾದ್ದರಿಂದ ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲು ಸಾಧ್ಯ. ಕೊಂಬಿನ ಅಳಿಸುವಿಕೆಯನ್ನು ಒಪ್ಪಿ ದೀರ್ಘವನ್ನು ತಿರಸ್ಕರಿಸಿದರೆ ಉಳಿಯುವುದು ‘ಅವರ ಬಂದರು’. ತಿರುಗಾಮುರುಗ ಮಾಡಿದರೆ ಎರಡು ಸ್ವರಚಿಹ್ನೆ ಹೊತ್ತ, ಓದಲಾಗದ ಒಂದು ಅಕ್ಷರ ಹುಟ್ಟುತ್ತದೆ. ಇದಕ್ಕೆ ಪರಿಹಾರ ಸರಳ: ಸಂಪಾದಕರು ಪದವನ್ನು ಇಡಿಯಾಗಿ ಆಯ್ದು ಹೊಸ ಪದವನ್ನು ಇಡಿಯಾಗಿ ಟೈಪಿಸಬೇಕು. ಆಗ ‘ಅವರು’ ಎಂಬುದರ ಮೇಲೆ ಗೆರೆ, ಪಕ್ಕದಲ್ಲಿ ‘ಅವರೂ’. ಅರ್ಥ ಎಲ್ಲಿ ಬದಲಾಯಿತೆಂದು ಲೇಖಕರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ದಾಖಲೆ ಎಲ್ಲಿ ತಪ್ಪುತ್ತದೆ

ಈ ವ್ಯವಸ್ಥೆ ದಾಖಲಿಸುವುದು ತಾನು ಚಾಲೂ ಇದ್ದಾಗ ಆದ ಬದಲಾವಣೆಗಳನ್ನು ಮಾತ್ರ. ಸಂಪಾದಕರು ಮರೆತೋ ಬೇಕೆಂದೋ ಅದನ್ನು ಚಾಲೂ ಮಾಡದೆ ಬಿಟ್ಟರೆ, ಆ ಹೊತ್ತಿನ ತಿದ್ದುಪಡಿಗೆ ಯಾವ ಗುರುತೂ ಇರುವುದಿಲ್ಲ. ನಮ್ಮಲ್ಲಿ ಇನ್ನೊಂದು ದಾರಿಯೂ ಇದೆ. ಹಳೆಯ ನುಡಿ ಅಥವಾ ಬರಹ ಫಾಂಟಿನ ಲೇಖನವನ್ನು ಯೂನಿಕೋಡ್‌ಗೆ ತಿರುಗಿಸಲು ಪಠ್ಯವನ್ನು ನಕಲು ಮಾಡಿ ಪರಿವರ್ತಕಕ್ಕೆ ಹಾಕಿ, ಬಂದದ್ದನ್ನು ಮರಳಿ ಅಂಟಿಸುತ್ತಾರೆ. ಅಲ್ಲಿಗೆ ಅದುವರೆಗಿನ ಆವರಣಗಳೆಲ್ಲ ಕಳಚಿಹೋಗುತ್ತವೆ. ಪರಿವರ್ತನೆ ಏನಿದ್ದರೂ ತಿದ್ದುವುದಕ್ಕೆ ಮೊದಲೇ ಆಗಬೇಕು. ಹಾಗೆ ಬಂದ ಯೂನಿಕೋಡ್ ಪ್ರತಿಯನ್ನೇ ಮೂಲವೆಂದು ಇಟ್ಟುಕೊಳ್ಳಬೇಕು.

ಗುರುತಿಲ್ಲದೆ ಏನಾದರೂ ಬದಲಾಗಿದೆಯೇ ಎಂದು ಪತ್ತೆಹಚ್ಚಲು ನಮ್ಮ ಒರೆಗಲ್ಲು ಈಗ ಬೇಕು. ತಿದ್ದಿ ಬಂದ ಫೈಲಿನ ನಕಲನ್ನು ತೆರೆದು `Reject All Changes` ಒತ್ತಿ, ಉಳಿಸಿ. ಬಳಿಕ `Compare` ಆಯ್ದು, ನೀವು ಕಳಿಸಿದ ಮೂಲವನ್ನೂ ಈ ನಕಲನ್ನೂ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಪ್ರತಿ ತಿದ್ದುಪಡಿಯೂ ದಾಖಲಾಗಿದೆ ಎಂದರ್ಥ. ವ್ಯತ್ಯಾಸ ಕಂಡರೆ ಅದು ಗುರುತಿಲ್ಲದೆ ನುಸುಳಿದ್ದು. ತಿರಸ್ಕರಿಸದೆ ನೇರ ಹೋಲಿಸಿದರೆ ಈ ಪರೀಕ್ಷೆ ಕೆಲಸ ಮಾಡುವುದಿಲ್ಲ. ಏಕೆಂದರೆ ಬಾಕಿ ಇರುವ ತಿದ್ದುಪಡಿಗಳನ್ನೆಲ್ಲ ಒಪ್ಪಿದಂತೆಯೇ ಲೆಕ್ಕ ಹಿಡಿದು ವರ್ಡ್ ಹೋಲಿಸುತ್ತದೆ, ಗುರುತಿರುವುದೂ ಇಲ್ಲದ್ದೂ ಬೆರೆತುಹೋಗುತ್ತವೆ.

ಹೋಲಿಕೆ ನಡೆಯುವ ಬಗೆಯೇ ಬೇರೆ. ಅಲ್ಲಿ ದಾಖಲೆ ಇಲ್ಲ, ಊಹೆ ಇದೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್ರಾಯ್ ಯೂನಿಕ್ಸ್‌ಗಾಗಿ ಬರೆದ `diff` ಎಂಬ ಪ್ರೋಗ್ರಾಮಿನಿಂದ ಹೆಸರಾದ ಉಪಾಯ ಇದು: ಎರಡು ಪಠ್ಯಗಳಲ್ಲೂ ಅದೇ ಕ್ರಮದಲ್ಲಿ ಬರುವ ಅತಿ ಉದ್ದದ ಸಾಲನ್ನು ಹುಡುಕು, ಅದಕ್ಕೆ ಸೇರದೆ ಉಳಿದದ್ದೇ ಬದಲಾವಣೆ. ‘ಕೆರೆಯ ನೀರು ಊರಿಗೆ ಬಂತು’ ಎಂಬುದು ‘ಊರಿಗೆ ಕೆರೆಯ ನೀರು ಬಂತು’ ಎಂದಾದರೆ, ಎರಡರಲ್ಲೂ ಒಂದೇ ಕ್ರಮದಲ್ಲಿ ಸಿಗುವ ಉದ್ದದ ಸಾಲು ‘ಕೆರೆಯ ನೀರು ಬಂತು’. ಹಾಗಾಗಿ ‘ಊರಿಗೆ’ ಒಂದು ಕಡೆ ಅಳಿದು ಇನ್ನೊಂದು ಕಡೆ ಸೇರಿತು ಎಂಬ ತೀರ್ಮಾನ ಬರುತ್ತದೆ. ತಿದ್ದಿದವರು ನಿಜಕ್ಕೂ ‘ಕೆರೆಯ ನೀರು’ ಎಂಬುದನ್ನೇ ಎತ್ತಿ ಆಚೆ ಇಟ್ಟಿರಬಹುದು, ಹೋಲಿಕೆಗೆ ಅದು ತಿಳಿಯದು.

ಕನ್ನಡದಲ್ಲಿ ಈ ಹೋಲಿಕೆ ಕೆಲವೊಮ್ಮೆ ಕಣ್ಣಿಗೆ ಒಂದೇ ಥರ ಕಾಣುವ ಪದಗಳನ್ನೂ ಬೇರೆ ಎಂದು ತೋರಿಸುತ್ತದೆ. ‘ಗೇಟ್’ ಎಂಬ ಪದದ ಕೊನೆಯಲ್ಲಿ ಕಾಣದ ಒಂದು ಯೂನಿಕೋಡ್ ಸಂಕೇತ ಸೇರಿರಬಹುದು, ಸೇರದೆಯೂ ಇರಬಹುದು. ಒತ್ತಕ್ಷರ ಆಗದಂತೆ ತಡೆಯಲು ಕೀಲಿಮಣೆಗಳು ಅದನ್ನು ಬಳಸುತ್ತವೆ. ಅಂಥ ಕಡೆ ಗಾಬರಿ ಬೇಡ, ಅದು ಕೀಲಿಮಣೆಯ ವ್ಯತ್ಯಾಸ.

ತಿದ್ದಿದವರ ಹೆಸರಿನ ವಿಷಯದಲ್ಲೂ ಒಂದು ಎಚ್ಚರ ಇರಲಿ. `w:author` ಜಾಗದಲ್ಲಿ ಬರುವುದು ಆ ಕಂಪ್ಯೂಟರಿನ ವರ್ಡ್‌ನಲ್ಲಿ ಬಳಕೆದಾರರೆಂದು ತುಂಬಿರುವ ಹೆಸರು. ಯಾರು ಯಾವ ಹೆಸರನ್ನು ಬೇಕಾದರೂ ಅಲ್ಲಿ ತುಂಬಬಹುದು. ಆದ್ದರಿಂದ ಅದು ಅನುಕೂಲಕ್ಕೆ ಇರುವ ಗುರುತು, ಸಾಕ್ಷ್ಯವಾಗಿ ನಿಲ್ಲುವಂಥದ್ದಲ್ಲ.

ಮರೆಯಾದದ್ದು ಮಾಯವಾಗಿಲ್ಲ

ತಿದ್ದುಪಡಿಗಳನ್ನು ಕಾಣದಂತೆ ಮಾಡಲು `No Markup` ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಪುಟ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಆವರಣಗಳೆಲ್ಲ ಫೈಲಿನೊಳಗೆ ಹಾಗೇ ಇರುತ್ತವೆ. 2005ರ ಅಕ್ಟೋಬರ್‌ನಲ್ಲಿ ಲೆಬನಾನ್‌ನ ಮಾಜಿ ಪ್ರಧಾನಿ ರಫೀಕ್ ಹರೀರಿ ಹತ್ಯೆಯ ಕುರಿತ ವಿಶ್ವಸಂಸ್ಥೆಯ ತನಿಖಾ ವರದಿ ಹೊರಬಿದ್ದಾಗ ಆದದ್ದು ಇದೇ. ತನಿಖೆಯ ಮುಖ್ಯಸ್ಥರಾಗಿದ್ದವರು ಡೆಟ್ಲೆಫ್ ಮೆಹ್ಲಿಸ್. ವರ್ಡ್ ರೂಪದಲ್ಲಿ ಹಂಚಿಕೆಯಾದ ಒಂದು ಪ್ರತಿಯಲ್ಲಿ ಅಳಿಸಿದ ಭಾಗಗಳು ಉಳಿದುಕೊಂಡಿದ್ದವು. ಸಿರಿಯಾ ಅಧ್ಯಕ್ಷರ ಹತ್ತಿರದ ಬಂಧುಗಳ ಹೆಸರುಗಳನ್ನು ಅಂತಿಮ ವರದಿಯಿಂದ ತೆಗೆಯಲಾಗಿತ್ತು ಎಂಬುದು ಪತ್ರಕರ್ತರಿಗೆ ಅದರಿಂದಲೇ ತಿಳಿಯಿತು.

ಹಾಗಾಗಿ ಕೊನೆಯ ಪ್ರತಿಯನ್ನು ಅಚ್ಚಿಗೆ ಅಥವಾ ಡಿಟಿಪಿಯವರಿಗೆ ಕಳಿಸುವ ಮೊದಲು ಪ್ರತಿ ತಿದ್ದುಪಡಿಯನ್ನೂ ಒಪ್ಪಿಯೋ ತಿರಸ್ಕರಿಸಿಯೋ ಮುಗಿಸಬೇಕು, ಟಿಪ್ಪಣಿಗಳನ್ನು ಅಳಿಸಬೇಕು. ಬಾಕಿ ಏನಾದರೂ ಉಳಿದಿದೆಯೇ ಎಂದು `Inspect Document` ಹುಡುಕಿ ಹೇಳುತ್ತದೆ. ಆದರೆ ಉಳಿದದ್ದನ್ನು ತೆಗೆಯಲು ಅದಕ್ಕೇ ಬಿಟ್ಟರೆ ಬಾಕಿ ತಿದ್ದುಪಡಿಗಳನ್ನೆಲ್ಲ ಅದು ಒಪ್ಪಿಬಿಡುತ್ತದೆ. ಲೇಖಕರು ಇನ್ನೂ ನೋಡಿಲ್ಲದ ತಿದ್ದುಪಡಿಯೂ ಅದರ ಜೊತೆಗೇ ಅಚ್ಚಿಗೆ ಹೋಗುತ್ತದೆ.