ಸ್ಕ್ರೂ ಉದ್ದ ಇದ್ದರೆ ಸಾಕೇ? ಟೊಳ್ಳು ಇಟ್ಟಿಗೆ ಗೋಡೆಗೆ ಭಾರದ ಶೆಲ್ಫ್ ಹಾಕುವ ಮೊದಲು ಇದನ್ನು ಓದಿ

ನಂಬಿಕೆ: ಸ್ಕ್ರೂ ಉದ್ದವಾಗಿ, ದಪ್ಪವಾಗಿ ಇದ್ದರೆ ಯಾವ ಗೋಡೆಯಲ್ಲಾದರೂ ಶೆಲ್ಫ್ ಗಟ್ಟಿಯಾಗಿ ನಿಲ್ಲುತ್ತದೆ.

ವಾಸ್ತವ: ಟೊಳ್ಳು ಇಟ್ಟಿಗೆಯಲ್ಲಿ ಭಾರ ಹೊರುವುದು ಸ್ಕ್ರೂ ಅಲ್ಲ, ಅದರ ಸುತ್ತಲಿನ ಪ್ಲಗ್.

ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಸ್ಕ್ರೂ ಒಳಹೋದಂತೆ ಹಿಗ್ಗಿ, ರಂಧ್ರದ ಸುತ್ತಲಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಕಾಂಕ್ರೀಟಿನಲ್ಲಿ ಅದಕ್ಕೆ ಉದ್ದಕ್ಕೂ ಆಸರೆ ಸಿಗುತ್ತದೆ. ಟೊಳ್ಳು ಇಟ್ಟಿಗೆಯಲ್ಲಿ ಪ್ಲಾಸ್ಟರ್ ದಾಟಿದ ಮೇಲೆ ಸಿಗುವುದು ತೆಳುವಾದ ಒಂದು ಪದರ, ಅದರಾಚೆ ಖಾಲಿ ಜಾಗ. ಅಲ್ಲಿ ಪ್ಲಗ್ ಗಾಳಿಯಲ್ಲಿ ಹಿಗ್ಗುತ್ತದೆ. ಕಾಂಕ್ರೀಟಿಗೆ ಬಳಸುವ ಕಬ್ಬಿಣದ ಆ್ಯಂಕರ್ ಬೋಲ್ಟ್ ಇನ್ನೂ ಅಪಾಯ. ಅದರ ಒತ್ತಡಕ್ಕೆ ಆ ತೆಳು ಪದರವೇ ಒಡೆಯಬಹುದು.

ನಿಮ್ಮ ಗೋಡೆ ಟೊಳ್ಳೇ?

ಡ್ರಿಲ್ ಮಾಡುವಾಗ ಬಿಟ್ ಸ್ವಲ್ಪ ದೂರ ಬಿಗಿಯಾಗಿ ಕೊರೆದು, ಆಮೇಲೆ ಸರಕ್ಕನೆ ಒಳಗೆ ಜಾರಿದರೆ ಒಳಗೆ ಟೊಳ್ಳಿದೆ ಎಂದರ್ಥ. ಇಂಥ ಗೋಡೆಯಲ್ಲಿ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ. ಬಡಿತಕ್ಕೆ ಒಳಗಿನ ಪದರಗಳು ಚೂರಾಗುತ್ತವೆ.

ಭಾರ ಎಷ್ಟು?

25 ಸೆಂ.ಮೀ. ಅಗಲದ ಶೆಲ್ಫ್ ಮೇಲೆ 30 ಕೆ.ಜಿ. ಪುಸ್ತಕ ಇದೆ ಎನ್ನೋಣ. ಎರಡು ಬ್ರಾಕೆಟ್, ಪ್ರತಿಯೊಂದರಲ್ಲೂ ಮೇಲಿನ ಸ್ಕ್ರೂನಿಂದ ಕೆಳತುದಿಗೆ 20 ಸೆಂ.ಮೀ. ಭಾರ ಗೋಡೆಯಿಂದ 12.5 ಸೆಂ.ಮೀ. ಮುಂದೆ ಕೂರುವುದರಿಂದ ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುವ ಬಲ 30 × 12.5 ÷ 20, ಅಂದರೆ ಸುಮಾರು 19 ಕೆ.ಜಿ.ಯಷ್ಟು. ಬ್ರಾಕೆಟ್‌ನ ಎತ್ತರ 10 ಸೆಂ.ಮೀ.ಗೆ ಇಳಿದರೆ ಇದೇ ಎಳೆತ ಎರಡರಷ್ಟಾಗುತ್ತದೆ. ಹಾಗಾಗಿ ಎತ್ತರದ ಬ್ರಾಕೆಟ್ ಆರಿಸಿ.

ಯಾವ ಪ್ಲಗ್, ಯಾವ ಸ್ಕ್ರೂ?

ಇಷ್ಟು ಭಾರಕ್ಕೆ ಟೊಳ್ಳು ಗೋಡೆಗೂ ಆಗುವ ಯೂನಿವರ್ಸಲ್ ಪ್ಲಗ್ ನೋಡಿ. ಸ್ಕ್ರೂ ತಿರುಗಿಸಿದಾಗ ಅದು ಟೊಳ್ಳಿನೊಳಗೆ ಮಡಚಿ ಗಂಟಾಗಿ, ಪದರದ ಹಿಂಬದಿಯಿಂದ ಹಿಡಿಯುತ್ತದೆ. ಪ್ಲಗ್‌ನ ಉದ್ದಕ್ಕೆ ಬ್ರಾಕೆಟ್‌ನ ದಪ್ಪ ಮತ್ತು ಸ್ಕ್ರೂವಿನ ದಪ್ಪ ಕೂಡಿಸಿದರೆ ಸ್ಕ್ರೂವಿನ ಉದ್ದ ಸಿಗುತ್ತದೆ. 60 ಮಿ.ಮೀ. ಪ್ಲಗ್, 3 ಮಿ.ಮೀ. ಬ್ರಾಕೆಟ್, 6 ಮಿ.ಮೀ. ಸ್ಕ್ರೂ ಎಂದಾದರೆ 70 ಮಿ.ಮೀ. ಸ್ಕ್ರೂ ಸರಿ. ಗಿಡ್ಡ ಸ್ಕ್ರೂ ಪ್ಲಗ್‌ನ ತುದಿ ಮುಟ್ಟದೆ ಗಂಟೇ ಬೀಳುವುದಿಲ್ಲ.

ಪೊಟ್ಟಣದ ಮೇಲಿನ ಭಾರದ ಅಂಕಿಯಲ್ಲಿ ಕಾಂಕ್ರೀಟಿನದ್ದು ಬಿಟ್ಟು ಟೊಳ್ಳು ಇಟ್ಟಿಗೆಯದ್ದನ್ನೇ ಓದಿ. ನಿಮ್ಮ ಲೆಕ್ಕ ಅದರ ಹತ್ತಿರ ಬಂದರೆ ಕೆಮಿಕಲ್ ಆ್ಯಂಕರ್ ಬೇಕು. ರಂಧ್ರಕ್ಕೆ ಜಾಲರಿಯ ಕೊಳವೆ ತೂರಿಸಿ, ಅದರ ತುದಿಯಿಂದ ಹೊರಕ್ಕೆ ಅಂಟು ತುಂಬಿ, ಚೂಡಿ ಇರುವ ಸರಳನ್ನು ಕೈಯಿಂದ ತಿರುಗಿಸುತ್ತಾ ಒಳಗಿಡಬೇಕು. ಜಾಲರಿಯಿಂದ ಹೊರಬಂದ ಅಂಟು ಟೊಳ್ಳಿನಲ್ಲಿ ಗಟ್ಟಿಯಾಗಿ ಬೀಗದಂತೆ ಹಿಡಿಯುತ್ತದೆ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಕಳೆಯುವ ತನಕ ಭಾರ ಹಾಕಬೇಡಿ.

ಕೈಕೊಡುವ ಸೂಚನೆ

ಸ್ಕ್ರೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ, ಅಥವಾ ಕೆಲ ದಿನಗಳ ನಂತರ ಬ್ರಾಕೆಟ್‌ನ ಮೇಲ್ತುದಿಗೂ ಗೋಡೆಗೂ ನಡುವೆ ಸಂದು ಕಂಡರೆ ಕೂಡಲೇ ಭಾರ ಇಳಿಸಿ. ಕಡ್ಡಿ ತುರುಕಿ ಅದೇ ರಂಧ್ರದಲ್ಲಿ ಬಿಗಿ ಮಾಡಬೇಡಿ. ಒಡೆದ ಪದರ ಮತ್ತೆ ಹಿಡಿಯುವುದಿಲ್ಲ. ಬ್ರಾಕೆಟ್ ಸರಿಸಿ, ಬೇರೆ ಜಾಗದಲ್ಲಿ ಹೊಸದಾಗಿ ಕೊರೆಯಿರಿ.